ಐತ್ತಪ್ಪಣ್ಣ ಇನ್ನಿಲ್ಲ

ನಮ್ಮ ಪ್ರೆಸ್ಸಿನಲ್ಲಿ 32 ವರ್ಷ ಕೆಲಸ ಮಾಡಿದ ಐತ್ತಪ್ಪಣ್ಣ ಮಂಗಳವಾರ ಬೆಳಗ್ಗೆ ನೀರ್ಚಾಲಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರಿಗೆ 63 ವರ್ಷ. ಹೆಂಡತಿ, ಮಗಳು, ಮಗ, ಇಬ್ಬರು ಮೊಮ್ಮಕ್ಕಳು ಇದ್ದಾರೆ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇವೆ.

1979ರಲ್ಲಿ ಅವರು ಕಾಸರಗೋಡಿಗೆ, ನಮ್ಮ ಪ್ರೆಸ್ಸಿಗೆ ಬಂದಾಗ ಹದಿನೇಳರ ಹುಡುಗ. ಮೊದಲು ಸಿಕ್ಕಿದ ಕೆಲಸ ಸೀಮೆಎಣ್ಣೆಯಲ್ಲಿ ಅಚ್ಚಿನ ಮೊಳೆ ತೊಳೆಯುವುದು. ಅಚ್ಚಾದ ಮೇಲೆ ಪುಟ ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಮನೆಗೆ ಹಾಕಬೇಕು. ಕನ್ನಡದ ಮೊಳೆ ಅಂದರೆ ಸುಮ್ನೆ ಅಲ್ಲ. ಕಾಗುಣಿತ, ಒತ್ತಕ್ಷರ ಅಂತ ಲೆಕ್ಕವಿಲ್ಲದಷ್ಟು ಮನೆಗಳು. ಇವತ್ತು ಒಂದು ಒತ್ತು ಪಕ್ಕದ ಮನೆಗೆ ಬಿದ್ದರೆ ನಾಳೆ ಯಾರದೋ ಮದುವೆ ಕಾಗದದಲ್ಲಿ ಮದುಮಗನ ಹೆಸರು ಕೆಡುತ್ತಿತ್ತು. ಎರಡು ವರ್ಷದಲ್ಲಿ ಅವರು ಕಂಪೋಸಿಟರ್ ಆದರು. ಮೊಳೆಯ ಮೇಲೆ ತಿರುಗುಮುರುಗಾಗಿ ಇರುವ ಅಕ್ಷರವನ್ನು ನಾವೆಲ್ಲ ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದರು.

ಶಾಲೆಯಲ್ಲಿ ಅವರು ಮಲಯಾಳ ಕಲಿತವರಲ್ಲ. ಇಲ್ಲಿ ಬರುವ ಕೆಲಸ ಎರಡು ಭಾಷೆಯಲ್ಲೂ ಇರುತ್ತದೆ. ಹಾಗಾಗಿ ಮೊಳೆ ಜೋಡಿಸುತ್ತಲೇ ಓದಲು ಕಲಿತರು. ಮಧ್ಯಾಹ್ನ ಊಟದ ಹೊತ್ತಿಗೆ ಹಳ್ಳಿಯಿಂದ ಯಾರಾದರೂ ಮಲಯಾಳದ ಒಂದು ಫಾರಂ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. "ಇಲ್ಲಿ ಹೆಸರು, ಇಲ್ಲಿ ಮನೆ ನಂಬರು, ಇಲ್ಲಿ ಬರೆಯಬೇಡಿ, ಅದು ಆಫೀಸಿನವರಿಗೆ" ಎಂದು ಹೇಳಿಕೊಟ್ಟು ಆಮೇಲೆ ಬುತ್ತಿ ಬಿಚ್ಚುತ್ತಿದ್ದರು.

ಅವರನ್ನು ನೆನೆಯುವಾಗ ನಮಗೆ ಮೊದಲು ಕಣ್ಣಿಗೆ ಬರುವುದು ಉತ್ತರಕ್ರಿಯೆಯ ಕಾಗದಗಳು. ಸಾವಿನ ಮನೆಯವರು ಪ್ರೂಫ್ ನೋಡುತ್ತಾರೆ, ಆದರೆ ಅವರ ಕಣ್ಣಿಗೆ ಏನೂ ಕಾಣುವುದಿಲ್ಲ. ಐತ್ತಪ್ಪಣ್ಣನಿಗೆ ಅದು ಗೊತ್ತಿತ್ತು. ಬಂದವರನ್ನು ಸ್ಟೂಲಿನಲ್ಲಿ ಕೂರಿಸಿ, ನೀರು ಕೊಟ್ಟು, ಎಲ್ಲ ಹೆಸರನ್ನೂ ಗಟ್ಟಿಯಾಗಿ ಓದುತ್ತಿದ್ದರು. "ದೊಡ್ಡವರು ಇವರೇ ಅಲ್ವಾ? ಸೊಸೆಯಂದಿರು ಎಲ್ಲ ಬಂದರಾ? ಗಲ್ಫಿನಲ್ಲಿ ಯಾರಾದರೂ ಇದ್ದಾರಾ?" ಒಮ್ಮೆ ಹೀಗೆ ಓದಿ ನಿಲ್ಲಿಸಿದಾಗ, ಎದುರು ಕೂತವರು ತುಂಬ ಹೊತ್ತು ಸುಮ್ಮನಿದ್ದು, "ಇನ್ನೊಬ್ಬಳು ಮಗಳಿದ್ದಾಳೆ, ಅವಳನ್ನೂ ಹಾಕಿ" ಎಂದರು. ಐತ್ತಪ್ಪಣ್ಣ ಏನೂ ಕೇಳಲಿಲ್ಲ. ಕಟ್ಟಿದ ಪುಟವನ್ನು ಬಿಚ್ಚಿ, ಸಾಲು ಸರಿಸಿ, ಹೆಸರು ಸೇರಿಸಿದರು.

ಮೊಳೆಯ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಅವರಿಗೆ ನಲವತ್ತು ಹತ್ತಿರ. ಪೇಜ್‌ಮೇಕರ್ ಕಲಿತರು. ಕೀಬೋರ್ಡಿನ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿಕೊಂಡಿದ್ದರು, ಮೂರು ತಿಂಗಳಲ್ಲಿ ತಾವೇ ಕಿತ್ತು ಹಾಕಿದರು. 2011ರಲ್ಲಿ ನಮ್ಮಲ್ಲಿಂದ ಹೊರಟು ಬದಿಯಡ್ಕದಲ್ಲಿ ಸ್ವಂತ ಡಿಟಿಪಿ ಅಂಗಡಿ ಇಟ್ಟರು. ಆಮೇಲೆಯೂ ಬ್ರಹ್ಮಕಲಶದ ಆಮಂತ್ರಣದಂಥ ದೊಡ್ಡ ಕೆಲಸ ಬಂದಾಗ ನಾವು ಪ್ರೂಫ್ ಕಳಿಸಿದರೆ ನೋಡಿಕೊಡುತ್ತಿದ್ದರು. ಕೆಂಪು ಪೆನ್ನಿನಲ್ಲಿ ತಿದ್ದಿ, ಕೊನೆಗೆ ಪುಟದ ಮೂಲೆಯಲ್ಲಿ ಒಂದು ಚಿಕ್ಕ "ಐ" ಹಾಕುತ್ತಿದ್ದರು. ಆ "ಐ" ಇದ್ದರೆ ಮೆಷಿನ್ ಓಡಿಸಬಹುದು ಎಂದು ಅರ್ಥ.

ಗುರುವಾರ ಮಧ್ಯಾಹ್ನದ ಮೇಲೆ ಪ್ರೆಸ್ ಮುಚ್ಚಿರುತ್ತದೆ. ನಾವೆಲ್ಲ ನೀರ್ಚಾಲಿಗೆ ಹೋಗುತ್ತೇವೆ. ಹೋಗಬೇಕೆನ್ನುವವರು ಸಂಜೆ ನಾಲ್ಕರ ನಂತರ ಬಂದರೆ ಒಳ್ಳೆಯದು ಎಂದು ಮನೆಯವರು ಹೇಳಿದ್ದಾರೆ. ಉತ್ತರಕ್ರಿಯೆಯ ದಿನವನ್ನು ಅವರೇ ತಿಳಿಸುತ್ತಾರೆ.

ಪ್ರೆಸ್ಸಿನ ಎಲ್ಲರ ಪರವಾಗಿ

*

ಅಶ್ವಿನಿ, ರಫೀಕ್, ಮೇಲಿನದು ಪೇಜಿಗೆ ಹಾಕಬೇಕಾದದ್ದು. ಇದು ನಿಮ್ಮಿಬ್ಬರಿಗೆ ಮಾತ್ರ, ಹಾಕುವ ಮೊದಲು ಓದಿ.

ಈಗಲೇ ಹಾಕಬೇಡಿ. ಮಗ ದುಬೈಯಿಂದ ಹೊರಟಿದ್ದಾನೆ. ಅವನಿಗೆ "ಅಪ್ಪನಿಗೆ ಹುಷಾರಿಲ್ಲ" ಎಂದಷ್ಟೇ ಹೇಳಿದ್ದಾರೆ. ಮಂಗಳೂರಿನಲ್ಲಿ ಇಳಿದು ಫೋನ್ ಆನ್ ಮಾಡಿದ ಕೂಡಲೇ ನಮ್ಮ ಪೋಸ್ಟ್ ಕಾಣುವಂತೆ ಆಗಬಾರದು. ಅವನು ಮನೆ ಮುಟ್ಟಿದ ಮೇಲೆ ಮಗಳು ನನಗೆ ಫೋನ್ ಮಾಡುತ್ತಾಳೆ. ಆಮೇಲೆ ನಾನು ಹೇಳುತ್ತೇನೆ. ಅಲ್ಲಿಯವರೆಗೆ ಸ್ಟೇಟಸ್ಸಿನಲ್ಲೂ ಬೇಡ.

ನಿನ್ನೆ ನೀವು ಕಳಿಸಿದ ಕರಡು ನೋಡಿದೆ. ಒಳ್ಳೆಯ ಮನಸ್ಸಿನಿಂದ ಬರೆದದ್ದೇ, ಬೇಜಾರು ಮಾಡಿಕೊಳ್ಳಬೇಡಿ. ಆದರೆ "ತುಂಬಲಾರದ ನಷ್ಟ", "ನಮ್ಮ ಕುಟುಂಬದ ಸದಸ್ಯ" ಎರಡನ್ನೂ ತೆಗೆದಿದ್ದೇನೆ. ಅವರ ಕುಟುಂಬ ನೀರ್ಚಾಲಿನಲ್ಲಿ ಅಳುತ್ತಾ ಕೂತಿದೆ. "ನಿವೃತ್ತರಾಗಿದ್ದರು" ಎಂದು ಬರೆದಿದ್ದಿರಿ, ಅದು ಸುಳ್ಳು. ಸಂಬಳದ ವಿಷಯದಲ್ಲಿ ಮಾತು ಬೆಳೆದು ಬಿಟ್ಟು ಹೋದರು. ಜಗಳವನ್ನು ಬರೆಯುವುದು ಬೇಡ, ಆದರೆ ಅದನ್ನು ನಿವೃತ್ತಿ ಎನ್ನುವುದೂ ಬೇಡ. "ಹೊರಟು" ಎಂದರೆ ಸಾಕು, ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಕಾಯಿಲೆ ಏನೆಂದು ಯಾರು ಕೇಳಿದರೂ ಹೇಳಬೇಡಿ. ಯಾವ ಆಸ್ಪತ್ರೆ, ಎಷ್ಟು ದಿನ, ಇದೆಲ್ಲ ಮನೆಯವರ ಮಾತು. ಅವರ ಫೋನ್ ನಂಬರನ್ನೂ ಕಮೆಂಟಿನಲ್ಲಿ ಕೊಡಬೇಡಿ.

ಫೋಟೋಕ್ಕೆ ರಫೀಕ್ ತೆಗೆದಿಟ್ಟದ್ದು ಆಫೀಸಿನ ಐಡಿ ಕಾರ್ಡಿನದು. ಬೇಡ, ಅದರಲ್ಲಿ ನಮ್ಮ ಹೆಸರಿನ ಪಟ್ಟಿ ಕೊರಳಲ್ಲಿದೆ. ಮಗಳು ಒಂದು ಕಳಿಸಿದ್ದಾಳೆ, ಅಂಗಡಿಯ ಎದುರು ಕನ್ನಡಕ ಹಣೆಗೆ ಏರಿಸಿ ನಿಂತದ್ದು. ಅದನ್ನೇ ಹಾಕಿ. ಹೂವಿನ ಚೌಕಟ್ಟು, ದೀಪ, ಮೂಲೆಯಲ್ಲಿ ನಮ್ಮ ಲೋಗೋ ಏನೂ ಬೇಡ. ಅಂಗಡಿಯ ಬೋರ್ಡು ಕಾಣುತ್ತದಲ್ಲ ಎಂದು ಅದನ್ನು ಕತ್ತರಿಸಲು ಹೋಗಬೇಡಿ. ಹದಿನಾಲ್ಕು ವರ್ಷ ಅವರು ಬಾಳಿದ್ದು ಆ ಬೋರ್ಡಿನ ಕೆಳಗೆ.

ಶುಕ್ರವಾರಕ್ಕೆ ಹಾಕಬೇಕೆಂದಿದ್ದ ಕ್ಯಾಲೆಂಡರ್ ಆಫರಿನ ಪೋಸ್ಟರನ್ನು ಮುಂದಿನ ವಾರಕ್ಕೆ ಇಡಿ. ತಾನಾಗಿ ಹೋಗುವಂತೆ ಸಮಯ ಇಟ್ಟದ್ದು ಏನಾದರೂ ಉಳಿದಿದೆಯಾ, ಇನ್ನೊಮ್ಮೆ ನೋಡಿ.

ಒಂದು ಕಮೆಂಟ್ ಖಂಡಿತ ಬರುತ್ತದೆ: "ಇಷ್ಟು ಪ್ರೀತಿ ಇದ್ದವರು 50ನೇ ವರ್ಷದ ಕಾರ್ಯಕ್ರಮಕ್ಕೆ ಅವರನ್ನು ಯಾಕೆ ಕರೆಯಲಿಲ್ಲ?" ಅಳಿಸಬೇಡಿ. ಕಾಗದ ಕಳಿಸಿದ್ದೆವು, ತಲುಪಲಿಲ್ಲ ಅಂತೆಲ್ಲ ಕಥೆ ಕಟ್ಟಬೇಡಿ. ಕರೆಯಲಿಲ್ಲ, ಅಷ್ಟೇ. ಆ ಪಟ್ಟಿ ಮಾಡಿದ್ದು ನಾನು. "ನಮ್ಮಿಂದ ತಪ್ಪಾಯಿತು" ಎಂದು ನನ್ನ ಹೆಸರಿನಲ್ಲಿ ನಾನೇ ಉತ್ತರ ಬರೆಯುತ್ತೇನೆ, ನೀವಿಬ್ಬರೂ ಕೈ ಹಾಕಬೇಡಿ.

ಮನೆಗೆ ಕೊಡುವ ಹಣದ ಸುದ್ದಿ ಪೇಜಿನಲ್ಲಿ ಬರಬಾರದು. ಕವರ್ ಕೊಡುವಾಗ ಫೋಟೋ ತೆಗೆಯುವುದೂ ಇಲ್ಲ.

ಉತ್ತರಕ್ರಿಯೆಯ ಕಾಗದವನ್ನು ನಮ್ಮಲ್ಲೇ ಅಚ್ಚು ಹಾಕಿಸುತ್ತೇವೆ ಎಂದು ಮಗಳು ಹೇಳಿದ್ದಾಳೆ. ದುಡ್ಡು ಕೇಳಬೇಡಿ. ಪ್ರೂಫ್ ಆದಾಗ ನನ್ನನ್ನು ಕರೆಯಿರಿ. ಅವಳನ್ನು ಸ್ಟೂಲಿನಲ್ಲಿ ಕೂರಿಸಿ ಹೆಸರುಗಳನ್ನು ಗಟ್ಟಿಯಾಗಿ ಓದಬೇಕು.