ಬಿಸಿಲಾಘಾತ ಪ್ರಕರಣದ ವರದಿ: ಹಳ್ಳದ ಸೇತುವೆ ಕಾಮಗಾರಿ, ಚಿತ್ತಾಪುರ ತಾಲ್ಲೂಕು

ದಿನಾಂಕ: 7 ಮೇ 2024

ಇವರಿಗೆ: ಯೋಜನಾ ವ್ಯವಸ್ಥಾಪಕರು
ಇವರಿಂದ: ಸುರಕ್ಷತಾ ಮೇಲ್ವಿಚಾರಕ, ಸೇತುವೆ ಕಾಮಗಾರಿ

ಮಾನ್ಯರೇ,

3 ಮೇ 2024, ಶುಕ್ರವಾರ ಮಧ್ಯಾಹ್ನ 12.40ಕ್ಕೆ ಸೇತುವೆಯ ಡೆಕ್ ಮೇಲೆ ಕಬ್ಬಿಣ ಕಟ್ಟುತ್ತಿದ್ದ 34 ವರ್ಷದ ಕಾರ್ಮಿಕರೊಬ್ಬರು (ಹಾಜರಿ ಪುಸ್ತಕದ ಕ್ರಮಸಂಖ್ಯೆ 41) ತೂರಾಡುತ್ತಾ ಕುಸಿದರು. ಮೈ ಸುಡುತ್ತಿತ್ತು, ಬೆವರು ಇನ್ನೂ ಹರಿಯುತ್ತಿತ್ತು, ಕೇಳಿದ ಮಾತಿಗೆ ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದರು. ಬೆವರುತ್ತಿದ್ದಾರೆಂಬ ಕಾರಣಕ್ಕೆ ಮೇಸ್ತ್ರಿಯವರು ಇದನ್ನು ಊಟ ಮಾಡದೆ ಬಂದ ತಲೆಸುತ್ತು ಎಂದುಕೊಂಡರು. ದುಡಿಯುತ್ತಿರುವಾಗ ತಗಲುವ ಬಿಸಿಲಾಘಾತದಲ್ಲಿ ಬೆವರು ನಿಲ್ಲಲೇಬೇಕೆಂದಿಲ್ಲ ಎಂಬುದನ್ನು ನಾನು ಅವರಿಗೆ ಮೊದಲೇ ತಿಳಿಸಿರಲಿಲ್ಲ.

12.45ಕ್ಕೆ ಅವರನ್ನು ಕೆಳಗಿಳಿಸಿ ಸೇತುವೆಯ ನೆರಳಿನಲ್ಲಿ ಮಲಗಿಸಿ, 108ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ರಟ್ಟಿನಿಂದ ಗಾಳಿ ಹಾಕಿದೆವು. ಎಚ್ಚರ ಸರಿಯಾಗಿರದ ಕಾರಣ ಬಾಯಿಗೆ ನೀರು ಹಾಕಲಿಲ್ಲ. ಕ್ಯಾಂಪಿನಲ್ಲಿ ಐಸ್ ಇರಲಿಲ್ಲ. ರಸ್ತೆಬದಿಯ ಸೋಡಾ ಅಂಗಡಿಯಿಂದ ತಂದು ಕಂಕುಳು, ಕುತ್ತಿಗೆ ಮತ್ತು ತೊಡೆಸಂದಿಗೆ ಇಡುವಷ್ಟರಲ್ಲಿ 1.05 ಆಗಿತ್ತು. 1.20ಕ್ಕೆ ಆಂಬ್ಯುಲೆನ್ಸ್ ಬಂದಿತು. ಆಸ್ಪತ್ರೆಯಲ್ಲಿ ದಾಖಲಾದ ದೇಹದ ಉಷ್ಣತೆ 40.6 ಡಿಗ್ರಿ ಸೆಲ್ಸಿಯಸ್. ಸಂಜೆ ಏಳರ ಹೊತ್ತಿಗೆ ಅವರು ತಮ್ಮ ಹೆಸರು, ಊರು ಹೇಳಿದರು. 6 ಮೇ ರಂದು ಬಿಡುಗಡೆಯಾಗಿದ್ದಾರೆ.

ಉಷ್ಣತೆಯ ದಾಖಲೆಯ ಬಗ್ಗೆ ವಿಶೇಷವಾಗಿ ಹೇಳಬೇಕಿದೆ. ಅಂದು ನಮ್ಮ ಪುಸ್ತಕದಲ್ಲಿ ಬೆಳಿಗ್ಗೆ 7ಕ್ಕೆ 31, 9ಕ್ಕೆ 36, 11ಕ್ಕೆ 40.5 ಮತ್ತು 12.30ಕ್ಕೆ 42 ಡಿಗ್ರಿ ಎಂದು ಬರೆದಿದೆ. ಈ ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ಉಷ್ಣಮಾಪಕವು ತೂಗುತ್ತಿರುವುದು ಡೆಕ್‌ನಿಂದ 180 ಮೀಟರ್ ದೂರದ ಕಚೇರಿ ಶೆಡ್ಡಿನ ಉತ್ತರ ಗೋಡೆಯ ನೆರಳಿನಲ್ಲಿ, ಯಾರೂ ಕೆಲಸ ಮಾಡದ ಜಾಗದಲ್ಲಿ. ಮರುದಿನ ಅದೇ ಹೊತ್ತಿಗೆ, ಶೆಡ್ಡಿನ ಮಾಪಕ ಮತ್ತೆ 42 ತೋರಿಸುತ್ತಿದ್ದಾಗ, ಡೆಕ್ ಮೇಲೆ ಬಲೆಯ ನೆರಳು ಮಾಡಿ ಸೊಂಟದೆತ್ತರದಲ್ಲಿ ಇನ್ನೊಂದು ಮಾಪಕ ಕಟ್ಟಿದಾಗ 45 ತೋರಿಸಿತು. ಸೆಂಟ್ರಿಂಗ್‌ನ ಉಕ್ಕಿನ ತಗಡಿನ ಮೈ 61 ಡಿಗ್ರಿ ಇತ್ತು. ಕಬ್ಬಿಣ ಕಟ್ಟುವವರು ಆ ತಗಡಿನ ಮೇಲೆಯೇ ಕುಕ್ಕರಗಾಲಿನಲ್ಲಿ ಕುಳಿತು ಬಗ್ಗಿ ಕೆಲಸ ಮಾಡುತ್ತಾರೆ.

ವಿಶ್ರಾಂತಿ ಪುಸ್ತಕದಲ್ಲಿ 10, 11 ಮತ್ತು 12 ಗಂಟೆಗೆ ತಲಾ ಹತ್ತು ನಿಮಿಷದ ಬಿಡುವು ಕೊಟ್ಟಂತೆ ಗುರುತುಗಳಿವೆ. ಕಬ್ಬಿಣ ಕಟ್ಟುವ ತಂಡದ ಕಾರ್ಮಿಕರನ್ನು ಪ್ರತ್ಯೇಕವಾಗಿ ವಿಚಾರಿಸಿದಾಗ, ಸಂಜೆ ನಾಲ್ಕಕ್ಕೆ ಕಾಂಕ್ರೀಟ್ ಹಾಕಬೇಕಿದ್ದುದರಿಂದ 11 ಮತ್ತು 12ರ ಬಿಡುವು ಸಿಗಲಿಲ್ಲವೆಂದು ಒಂಬತ್ತು ಮಂದಿಯೂ ಹೇಳಿದರು. ಆ ಪುಟಕ್ಕೆ ಸ್ಥಳಕ್ಕೆ ಹೋಗಿ ನೋಡದೆ ಸಹಿ ಮಾಡಿದವನು ನಾನು. ಈ ತಂಡದ ಕೂಲಿ ಟನ್ ಲೆಕ್ಕದ್ದು. ಕುಳಿತಷ್ಟು ಹೊತ್ತು ಅವರದೇ ದುಡಿಮೆ ಕಡಿಮೆಯಾಗುತ್ತದೆ. ಹೀಗಿರುವಾಗ ಬಿಡುವನ್ನು ಅವರ ಇಚ್ಛೆಗೆ ಬಿಟ್ಟಿದ್ದೇವೆ ಎಂದು ಹೇಳುವುದು ಬಿಡುವು ಕೊಟ್ಟಂತಲ್ಲ.

ಕುಸಿದ ಕಾರ್ಮಿಕರು ಹದಿನಾರು ದಿನ ಊರಿನಲ್ಲಿದ್ದು 1 ಮೇ ರಂದು ಮರಳಿದ್ದರು. ಅಷ್ಟು ದಿನದಲ್ಲಿ ಬಿಸಿಲಿನ ದುಡಿಮೆಯ ರೂಢಿ ದೇಹಕ್ಕೆ ತಪ್ಪಿರುತ್ತದೆ. ಆದರೂ ಮೊದಲ ದಿನದಿಂದಲೇ ಅವರಿಗೆ ಪೂರ್ತಿ ಕೆಲಸ ಹಚ್ಚಲಾಗಿತ್ತು.

ಕುಡಿಯುವ ನೀರಿಗಾಗಿ ಅಂದು 46 ಜನರಿಗೆ 20 ಲೀಟರಿನ ಆರು ಕ್ಯಾನ್ ಬಂದಿದ್ದವು, ಅಂದರೆ 120 ಲೀಟರ್. ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಲೀಟರ್ ಎಂದರೂ ಏಳು ಗಂಟೆಯ ಕೆಲಸಕ್ಕೆ ಒಬ್ಬರಿಗೆ ಐದೂಕಾಲು ಲೀಟರ್, ಒಟ್ಟು ಸುಮಾರು 240 ಲೀಟರ್ ಬೇಕು. ಕ್ಯಾನ್‌ಗಳು 11.10ಕ್ಕೆ ಖಾಲಿಯಾದವು, ಟ್ಯಾಂಕರ್ ಬಂದದ್ದು 1.50ಕ್ಕೆ. ನಡುವೆ ಉಳಿದಿದ್ದು ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು, ಅದು 41 ಡಿಗ್ರಿ ಕಾದಿತ್ತು, ಯಾರೂ ಕುಡಿಯಲಿಲ್ಲ. ಕ್ಯಾನ್‌ಗಳಿದ್ದಾಗಲೂ ಡೆಕ್ ಮೇಲಿನವರು ಏಣಿ ಇಳಿದು ಶೆಡ್ಡಿನವರೆಗೆ ನಡೆಯಬೇಕಿತ್ತು. ಎಲ್ಲರಿಗೂ ಅನುಕೂಲವಾಗುವ ಜಾಗಗಳಲ್ಲಿ ಸಾಕಷ್ಟು ಶುದ್ಧ ನೀರು ಇರಬೇಕೆಂಬ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ನಿಯಮ ಅಂದು ನಮ್ಮಲ್ಲಿ ಪಾಲನೆಯಾಗಿರಲಿಲ್ಲ.

4 ಮೇ ಯಿಂದ ಡೆಕ್‌ನ ಎರಡೂ ತುದಿಯಲ್ಲಿ ಗೋಣಿ ಸುತ್ತಿದ ಮಣ್ಣಿನ ಹರವಿಗಳು, ಓಆರ್‌ಎಸ್ ಪೊಟ್ಟಣ ಮತ್ತು ಬಲೆಯ ನೆರಳು ಇವೆ. ಐಸ್ ಪೆಟ್ಟಿಗೆ ಶೆಡ್ಡಿನಲ್ಲಿದೆ. ಡೆಕ್‌ನ ಉಷ್ಣತೆಯನ್ನು ಗಂಟೆಗೊಮ್ಮೆ ಅಲ್ಲಿಯೇ ಬರೆಯಲಾಗುತ್ತಿದೆ, ಬಿಡುವಿನ ಪುಸ್ತಕಕ್ಕೆ ಕಾರ್ಮಿಕರಲ್ಲೊಬ್ಬರು ಸಹಿ ಮಾಡುತ್ತಿದ್ದಾರೆ. ನಿಮ್ಮ ಒಪ್ಪಿಗೆ ಬೇಕಾದವು ಮೂರು. ಈ ತಿಂಗಳ ಕೊನೆಯವರೆಗೆ ಕೆಲಸವನ್ನು ಬೆಳಿಗ್ಗೆ 5.30ರಿಂದ 11ರವರೆಗೆ ಮತ್ತು ಸಂಜೆ 4.30ರ ನಂತರ ಮಾತ್ರ ನಡೆಸಬೇಕು. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಬಿಡುವಿನ ಹೊತ್ತಿಗೂ ದಿನಗೂಲಿಯ ಲೆಕ್ಕದಲ್ಲಿ ಹಣ ಕೊಡಬೇಕು. ಕ್ರಮಸಂಖ್ಯೆ 41ರವರಿಗೆ ಆಸ್ಪತ್ರೆಯ ವೆಚ್ಚವನ್ನೂ, ವೈದ್ಯರು ಹೇಳಿರುವ ಹತ್ತು ದಿನದ ವಿಶ್ರಾಂತಿಯ ಕೂಲಿಯನ್ನೂ ಈ ವಾರವೇ ತಲುಪಿಸಬೇಕು. ಅವರ ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ಸಹಿ/-
ಸುರಕ್ಷತಾ ಮೇಲ್ವಿಚಾರಕ