ಪೀಬೆರಿ ಪುಡಿ ಆರ್ಡರ್ ಮಾಡಿರುವ ಗ್ರಾಹಕರಿಗೆ

ಚಿಕ್ಕಮಗಳೂರು, ಜನವರಿ 21

ನಮಸ್ಕಾರ.

ನೀವು ದುಡ್ಡು ಕಟ್ಟಿ ಕಾಯುತ್ತಿರುವ ಅರೇಬಿಕಾ ಪೀಬೆರಿ ಪುಡಿ ಈ ವಾರ ಹೊರಡುವುದಿಲ್ಲ. ಫೆಬ್ರವರಿ 12, ಗುರುವಾರ ಇಲ್ಲಿಂದ ಕಳಿಸುತ್ತೇವೆ.

ಹಳೇ ಬೆಳೆಯ ಪೀಬೆರಿಯ ಕೊನೆಯ ಮೂಟೆ ಸಂಕ್ರಾಂತಿಗೆ ಮುಂಚೆಯೇ ಮುಗಿಯಿತು. ಹೊಸ ಕಾಫಿ ಕೊಯ್ದಾಗಿದೆ, ಆದರೆ ಮೋಡದಿಂದಾಗಿ ಕಣದಲ್ಲಿ ಒಣಗುವುದು ತಡವಾಯಿತು. ಹೊಟ್ಟು ಬಿಡಿಸದ ಕಾಳು, ಅಂದರೆ ಪಾರ್ಚ್‌ಮೆಂಟಿನ ತೇವಾಂಶ ಶೇ. 10ರ ಹತ್ತಿರಕ್ಕೆ ಇಳಿಯದೆ ಹೊಟ್ಟು ಬಿಡಿಸುವ ಕ್ಯೂರಿಂಗಿಗೆ ಹಾಕಿದರೆ ಕಾಳು ಬಣ್ಣಗೆಡುತ್ತದೆ, ಮುಗ್ಗಲು ಹಿಡಿಯುವ ಭಯವೂ ಇರುತ್ತದೆ. ಜೊತೆಗೆ ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಕಾಳು ಕಟ್ಟಿದ್ದು. ನೂರು ಕೆ.ಜಿ. ಕಾಫಿ ಜರಡಿ ಹಿಡಿದರೆ ಸಿಗುವುದು ಹತ್ತರ ಆಸುಪಾಸು. ಬೇರೆ ತೋಟದ್ದು ತಂದು ತುಂಬಿಸೋಣ ಅಂದರೆ ಅಲ್ಲೂ ಇದೇ ಕತೆ. ಸಾಧಾರಣ ಕಾಳನ್ನೇ ಪುಡಿ ಮಾಡಿ ಪೀಬೆರಿ ಚೀಟಿ ಅಂಟಿಸಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆ ಕೆಲಸ ನಾವು ಮಾಡುವುದಿಲ್ಲ.

ಅಲ್ಲಿಯವರೆಗೆ ಡಬ್ಬಿ ಖಾಲಿ ಇಡಲಾಗದವರಿಗೆ ಎರಡು ಪುಡಿ ಇವೆ. ಚಿಕೋರಿ ಇಲ್ಲದೆ ಕುಡಿಯುವವರು ಪ್ಲಾಂಟೇಷನ್ ಎ ದರ್ಜೆಯ ಅರೇಬಿಕಾ ಪುಡಿ ತೆಗೆದುಕೊಳ್ಳಿ. ಅದೇ ತೋಟದ ಕಾಫಿ, ಹುರಿಯುವ ಹದವೂ ಅದೇ. ಪರಿಮಳ ಹತ್ತಿರ ಹತ್ತಿರ ಬರುತ್ತದೆ, ಬಾಯಲ್ಲಿ ಉಳಿಯುವ ರುಚಿ ಮಾತ್ರ ಕೊಂಚ ತೆಳು. ಕೆ.ಜಿ.ಗೆ 700 ರೂಪಾಯಿ. ನೀವು ಕಟ್ಟಿದ್ದು 760, ಉಳಿದ 60 ವಾಪಸ್ ಹಾಕುತ್ತೇವೆ. ಹೋಟೆಲಿನವರಿಗೆ ಮತ್ತು ಗಟ್ಟಿ ಡಿಕಾಕ್ಷನ್ ಬೇಕೆನ್ನುವ ಮನೆಗಳಿಗೆ ಅರೇಬಿಕಾ 70, ರೋಬಸ್ಟಾ ಪೀಬೆರಿ 30 ಸೇರಿಸಿದ ಪುಡಿ ಒಳ್ಳೆಯದು, 640 ರೂಪಾಯಿ. ಹಾಲು ಜಾಸ್ತಿ ಹಾಕಿದರೂ ಇದು ಸೋಲುವುದಿಲ್ಲ. ಆದರೆ ಹಾಲಿಲ್ಲದೆ ಕುಡಿಯುವವರಿಗೆ ಕಹಿ ಎನಿಸಬಹುದು, ಅವರಿಗೆ ಇದನ್ನು ತೆಗೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಚಿಕೋರಿ ಬೆರೆಸಿಯೇ ಕುಡಿಯುವವರಾದರೆ ಪ್ಲಾಂಟೇಷನ್ ಎ ಸಾಕು, ವ್ಯತ್ಯಾಸ ಹುಡುಕಿದರೂ ಸಿಗುವುದು ಕಷ್ಟ.

ಫೆಬ್ರವರಿ 12 ಅಂದಾಜಿನ ದಿನವಲ್ಲ. ನಮ್ಮ ಪಾರ್ಚ್‌ಮೆಂಟ್ ಕ್ಯೂರಿಂಗ್ ವರ್ಕ್ಸಿಗೆ ಹೋಗಿಯಾಗಿದೆ, 6ನೇ ತಾರೀಖು ಕಾಳು ಕೈಗೆ ಕೊಡುವುದಾಗಿ ಬರೆದು ಕೊಟ್ಟಿದ್ದಾರೆ. ಹುರಿದ ಮೇಲೆ ಎರಡು ದಿನ ಬಿಟ್ಟು ಪುಡಿ ಮಾಡುವುದು ನಮ್ಮ ಪದ್ಧತಿ, ಅದನ್ನೂ ಲೆಕ್ಕ ಹಿಡಿದೇ ದಿನ ಹೇಳಿದ್ದೇವೆ. ಆ ದಿನ ಪಾರ್ಸೆಲ್ ಹೊರಡದಿದ್ದರೆ ನೀವು ಕೇಳುವ ಮುಂಚೆಯೇ ಪೂರ್ತಿ ದುಡ್ಡು ವಾಪಸ್. ಬೆಂಗಳೂರು, ಹಾಸನ, ಮೈಸೂರಿನವರಿಗೆ ಶನಿವಾರದೊಳಗೆ ತಲುಪಬೇಕು. ಆರ್ಡರ್ ಬಂದ ಸರದಿಯಲ್ಲೇ ಕಳಿಸುತ್ತೇವೆ, ಹೋಟೆಲಿನವರೆಂದು ಮುಂದೆ ಹಾಕುವುದಿಲ್ಲ.

ಬದಲಿ ಪುಡಿ ಬೇಕೋ, ಕಾಯುತ್ತೀರೋ, ದುಡ್ಡು ವಾಪಸ್ ಬೇಕೋ ಎಂದು ಜನವರಿ 27, ಮಂಗಳವಾರ ಸಂಜೆಯೊಳಗೆ ಈ ಸಂದೇಶಕ್ಕೇ ಉತ್ತರಿಸಿ. ಬದಲಿ ಬೇಕೆಂದವರಿಗೆ ಮಾರನೇ ದಿನವೇ ಕಳಿಸುತ್ತೇವೆ, ಸಾಗಣೆ ಖರ್ಚು ನಮ್ಮದು. ಉತ್ತರ ಬರದಿದ್ದರೆ ಕಾಯುತ್ತೀರೆಂದು ತಿಳಿದು ಪೀಬೆರಿಯನ್ನು ನಿಮ್ಮ ಹೆಸರಿಗೆ ತೆಗೆದಿಡುತ್ತೇವೆ. ಪುಡಿ ಫಿಲ್ಟರಿಗೋ, ಬಟ್ಟೆಯಲ್ಲಿ ಸೋಸುವುದಕ್ಕೋ ಎಂಬುದನ್ನೂ ಬರೆಯಿರಿ, ತರಿ ಬೇರೆ ಬೇರೆ.

ಇಂತಿ,
ಕಾಫಿ ಪುಡಿ ಅಂಗಡಿ, ಎಂ.ಜಿ. ರಸ್ತೆ, ಚಿಕ್ಕಮಗಳೂರು