ಮ್ಯೂನಿಕ್‌ನಲ್ಲಿ ಕಾವೇರಿ ಸಂಕ್ರಮಣ: ಹೊಸದಾಗಿ ಬಂದವರಿಗೆ ಸ್ವಾಗತದ ಮಾತು

ಎಲ್ಲರಿಗೂ ನಮಸ್ಕಾರ. ಹಿರಿಯರಿಗೆ, ಅಂಕಲ್ ಆಂಟಿಯರಿಗೆ, ಈ ತಿಂಗಳಷ್ಟೇ ಸೂಟ್‌ಕೇಸ್ ಎಳೆದುಕೊಂಡು ಬಂದಿಳಿದ ತಂಗಿ ತಮ್ಮಂದಿರಿಗೆ ಕಾವೇರಿ ಸಂಕ್ರಮಣದ ಶುಭಾಶಯಗಳು.

ನಾನು ಕೊಡಗಿನ ನಾಪೋಕ್ಲು ಕಡೆಯವಳು. ಗಾರ್ಚಿಂಗ್ ಕ್ಯಾಂಪಸ್‌ನಲ್ಲಿ ಮಾಸ್ಟರ್ಸ್ ಎರಡನೇ ವರ್ಷ ಓದುತ್ತಿದ್ದೇನೆ. ಪ್ರತಿ ವರ್ಷ ಓದುತ್ತಿರುವವರಲ್ಲಿ ಒಬ್ಬರು ಹೊಸಬರಿಗೆ ನಾಲ್ಕು ಮಾತು ಹೇಳಬೇಕು ಅನ್ನೋದು ಇಲ್ಲಿನ ಪದ್ಧತಿ. ಈ ಸಲ ನನ್ನ ಸರದಿ. ಇಲ್ಲಿ ಕೊಡವ ತಕ್ಕ್ ಆಡುವವರಿದ್ದೀರಿ, ಅರೆಭಾಷೆಯವರಿದ್ದೀರಿ, ಮನೆಯಲ್ಲಿ ಮಲಯಾಳ, ತುಳು ಮಾತಾಡುವವರೂ ಇದ್ದೀರಿ. ಕುಶಾಲನಗರ, ಶನಿವಾರಸಂತೆಯಿಂದ ಹಿಡಿದು ಕುಟ್ಟದವರೆಗಿನ ಜನ ಇದ್ದೀರಿ. ಹಾಗಾಗಿ ಎಲ್ಲರಿಗೂ ಸೇರುವ ಹಾಗೆ ಕನ್ನಡದಲ್ಲೇ ಮಾತಾಡುತ್ತೇನೆ.

ನಿನ್ನೆ ತಲಕಾವೇರಿಯಲ್ಲಿ ತೀರ್ಥೋದ್ಭವ ಆಯಿತು. ನಿಮ್ಮಲ್ಲಿ ಎಷ್ಟೋ ಜನ ಕ್ಲಾಸಿನಲ್ಲಿ ಕೂತು ಮೊಬೈಲ್‌ನಲ್ಲಿ ನೋಡಿರುತ್ತೀರಿ. ಮನೆಯವರೆಲ್ಲ ಭಾಗಮಂಡಲದಲ್ಲಿ ಮಿಂದು ಬೆಟ್ಟ ಹತ್ತುವಾಗ ನಾವು ಮಾತ್ರ ಇಲ್ಲಿದ್ದೇವಲ್ಲ ಅನ್ನಿಸೋದು ಸಹಜ. ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಇವತ್ತು ಈ ಹಾಲ್‌ನಲ್ಲಿ ಎಲ್ಲರಿಗೂ ಅದೇ ಅನ್ನಿಸುತ್ತಿದೆ. ಅಲ್ಲಿ ಮೂಲೆಯ ಮೇಜಿನ ಮೇಲೆ ಆಂಟಿಯರು ಕಣಿ ಇಟ್ಟಿದ್ದಾರೆ, ನೋಡಿ. ತಟ್ಟೆ ತುಂಬ ಅಕ್ಕಿ, ಅದರ ಮೇಲೆ ಕೆಂಪು ರೇಷ್ಮೆ ಸುತ್ತಿದ ಸೌತೆಕಾಯಿ, ಪಕ್ಕದಲ್ಲಿ ವೀಳ್ಯದೆಲೆ, ಅಡಿಕೆ. ಸೌತೆಕಾಯಿ ಇಲ್ಲಿನದು. ನಮ್ಮೂರಿನದಕ್ಕಿಂತ ತುಂಬ ಉದ್ದ, ಸಿಪ್ಪೆ ಕಡು ಹಸಿರು. ರೇಷ್ಮೆ ಬಟ್ಟೆ ಮಾತ್ರ ವಿರಾಜಪೇಟೆಯ ಒಬ್ಬ ಅಜ್ಜಿಯ ಸೀರೆಯದು. ಹೋಗಿ ಕೈ ಮುಗಿದು ಬನ್ನಿ.

ನಾನು ಮುಖ್ಯವಾಗಿ ಹೇಳಬೇಕಾದ್ದು ಒಂದೇ. ಕಷ್ಟ ಬಂದರೆ ಬಂದ ದಿನವೇ ಹೇಳಿ. ಎರಡು ವಾರ ಬಿಟ್ಟು ಅಲ್ಲ, ಎಲ್ಲಾ ಮುಗಿದ ಮೇಲೂ ಅಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಜನ ಕೊಡೋದಕ್ಕೆ ಮುಂದು, ಕೇಳೋದಕ್ಕೆ ಹಿಂದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ನೀವೆಲ್ಲ ಶಾಲೆಯಲ್ಲಿದ್ದಿರಿ. ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಶಾಲೆ, ಕಲ್ಯಾಣ ಮಂಟಪಗಳ ಬಾಗಿಲು ತೆರೆದರು. ಯಾವ ಜಾತಿ, ಯಾವ ಊರು ಅಂತ ಕೇಳದೆ ಅನ್ನ ಹಾಕಿದರು. ಆದರೆ ನಮಗೇ ಏನಾದರೂ ಬೇಕಾದಾಗ ಬಾಯಿ ಬರೋದಿಲ್ಲ. ಮರ್ಯಾದೆ ಅಡ್ಡ ಬರುತ್ತೆ. ಅಪ್ಪ ತೋಟದ ಮೇಲೆ ಸಾಲ ಮಾಡಿ ಕಳಿಸಿದ್ದಾರೆ, ಅಮ್ಮನಿಗೆ ಬಿ.ಪಿ. ಇದೆ, ಹೇಗೆ ಹೇಳೋದು ಅಂತ ನುಂಗಿಕೊಳ್ಳುತ್ತೇವೆ.

ಹಿಂದಿನ ಬ್ಯಾಚ್‌ನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನೇ ಹೇಳು ಅಂದಿದ್ದಾನೆ. ಬರೋ ಮೊದಲೇ ಆನ್‌ಲೈನ್‌ನಲ್ಲಿ ಒಂದು ರೂಮು ನೋಡಿದ. ಫೋಟೋ ಚೆನ್ನಾಗಿತ್ತು, ಬಾಡಿಗೆ ಕಡಿಮೆ. ಮಾಲೀಕ, "ನಾನೀಗ ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕು, ಕೀ ಪೋಸ್ಟ್‌ನಲ್ಲಿ ಬರುತ್ತೆ" ಅಂದ. ದುಡ್ಡು ಹೋಯಿತು, ಕೀ ಬರಲಿಲ್ಲ. ಆಮೇಲೆ ಅವನು ಕ್ಲಾಸ್‌ಮೇಟ್ ಒಬ್ಬನ ರೂಮಿನ ನೆಲದ ಮೇಲೆ ಮಲಗಿಕೊಂಡು, ಬ್ರೆಡ್ ತಿಂದುಕೊಂಡು, ಮನೆಗೆ ಮಾತ್ರ ದಿನಾ "ಎಲ್ಲಾ ಚೆನ್ನಾಗಿದೆ" ಅಂತ ಹೇಳುತ್ತಿದ್ದ. ಪುತ್ತರಿ ಹಬ್ಬಕ್ಕೆ ಯಾಕೆ ಬರಲಿಲ್ಲ ಅಂತ ಫೋನ್ ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಮಾರನೇ ದಿನವೇ ಇಬ್ಬರು ಜೊತೆಗೆ ಹೋಗಿ ಪೊಲೀಸ್ ದೂರು ಕೊಡಿಸಿದರು. ಮೋಸಾಖ್‌ನಲ್ಲಿರುವ ಅಂಕಲ್ ಒಬ್ಬರು ತಮ್ಮ ಮಗನ ರೂಮು ಬಿಟ್ಟುಕೊಟ್ಟರು. ಮೊದಲ ದಿನವೇ ಹೇಳಿದ್ದರೆ ಆ ರೂಮು ಮೊದಲ ದಿನವೇ ಸಿಗುತ್ತಿತ್ತು. ನನಗೆ ಅವನ ದುಡ್ಡು ಹೋದದ್ದಕ್ಕಿಂತ ಅದೇ ಜಾಸ್ತಿ ಬೇಜಾರು.

ಆದ್ದರಿಂದ ಮನೆ ನೋಡದೆ ದುಡ್ಡು ಹಾಕಬೇಡಿ. ನೀವು ಊರಲ್ಲಿಲ್ಲದಿದ್ದರೆ ನಮ್ಮಲ್ಲಿ ಒಬ್ಬರು ಹೋಗಿ ನೋಡಿ ಬರುತ್ತೇವೆ. ಡೆಪಾಸಿಟ್ ಅಂತ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳೋ ಹಾಗಿಲ್ಲ, ಅದೂ ಹೀಟಿಂಗ್, ನೀರಿನ ಖರ್ಚು ಸೇರಿಸದ ಬಾಡಿಗೆ. ಇದು ಇಲ್ಲಿನ ಕಾನೂನು.

ಮನೆ ಸಿಕ್ಕಿದ ಮೇಲೆ ಮೊದಲ ಕೆಲಸ ಅನ್ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ. ಮನೆಗೆ ಹೋದ ಎರಡು ವಾರದೊಳಗೆ ಮಾಡಿಸಬೇಕು. ಮಾಲೀಕರು ಸಹಿ ಹಾಕಿದ ಫಾರ್ಮ್ ಬೇಕು, ಕೀ ತೆಗೆದುಕೊಳ್ಳುವಾಗಲೇ ಕೇಳಿ. ಅಪಾಯಿಂಟ್‌ಮೆಂಟ್ ಸುಲಭಕ್ಕೆ ಸಿಗೋದಿಲ್ಲ, ಬೆಳಿಗ್ಗೆ ಬೇಗ ವೆಬ್‌ಸೈಟ್ ತೆರೆದು ನೋಡುತ್ತಿರಬೇಕು. ಈ ನೋಂದಣಿ ಆದರೇ ಟ್ಯಾಕ್ಸ್ ನಂಬರ್ ಪೋಸ್ಟ್‌ನಲ್ಲಿ ಬರೋದು. ಬರಬೇಕು ಅಂದರೆ ಇನ್ನೊಂದು ಕೆಲಸ ಇದೆ: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ನಮ್ಮೂರಿನ ಪೋಸ್ಟ್‌ಮ್ಯಾನ್‌ಗೆ ಅಜ್ಜನ ಹೆಸರು ಹೇಳಿದರೂ ಮನೆ ಗೊತ್ತು. ಇಲ್ಲಿ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತೆ. ಬ್ಯಾಂಕ್ ಕಾರ್ಡ್, ಇನ್ಶೂರೆನ್ಸ್, ವೀಸಾ ಪತ್ರ, ಎಲ್ಲಾ ಬರೋದು ಅಂಚೆಯಲ್ಲೇ. ನಮ್ಮಲ್ಲಿ ಮನೆಪೆದ, ಇನಿಷಿಯಲ್, ಅಪ್ಪನ ಹೆಸರು ಅಂತ ಹೆಸರಿನ ಗೊಂದಲ ಜಾಸ್ತಿ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಎಲ್ಲಾ ಕಡೆ ಅದನ್ನೇ ಕೊಡಿ. ಬಂದ ಕಾಗದ ಅರ್ಥವಾಗದಿದ್ದರೆ ಫೋಟೋ ತೆಗೆದು ಗ್ರೂಪ್‌ಗೆ ಹಾಕಿ. ಬಿಸಾಡಬೇಡಿ. ರೇಡಿಯೋ, ಟಿ.ವಿ. ಶುಲ್ಕ ಅಂತ ತಿಂಗಳಿಗೆ 18.36 ಯೂರೋ ಕೇಳಿ ಒಂದು ಪತ್ರ ಬರುತ್ತೆ. ಮೋಸ ಅಂದುಕೊಳ್ಳಬೇಡಿ, ಅದು ನಿಜವಾದದ್ದೇ. ತಲೆಗೊಂದಲ್ಲ, ಮನೆಗೊಂದು. ಜೊತೆಗಿರುವವರು ಹಂಚಿಕೊಳ್ಳಬಹುದು.

ದುಡ್ಡಿನ ಬಗ್ಗೆ ಸ್ವಲ್ಪ. ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಟ್ಟು ಬಂದಿದ್ದೀರಿ, ತಿಂಗಳಿಗೆ 992 ಕೈಗೆ ಬರುತ್ತೆ. ಮ್ಯೂನಿಕ್‌ನಲ್ಲಿ ಹಾಸ್ಟೆಲ್ ಸಿಗದೆ ಹೊರಗೆ ರೂಮು ಮಾಡಿದವರಿಗೆ ಅದು ಸಾಲೋದು ಕಷ್ಟ. ಪಾರ್ಟ್‌ಟೈಮ್ ಕೆಲಸ ಮಾಡಿ, ತಪ್ಪಿಲ್ಲ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಡುತ್ತೇನೆ, ಕೈಗೆ ಕ್ಯಾಶ್ ಕೊಡುತ್ತೇನೆ, ಕಾಗದ ಬೇಡ ಅನ್ನುವವರ ಹತ್ತಿರ ಹೋಗಬೇಡಿ. ಆಮೇಲೆ ತೊಂದರೆ ನಿಮ್ಮ ವೀಸಾಕ್ಕೇ. ಮೊದಲ ಸೆಮಿಸ್ಟರ್‌ನಲ್ಲಿ ಕೈಲಾದಷ್ಟು ಕಡಿಮೆ ಕೆಲಸ ಹಿಡಿಯಿರಿ ಅನ್ನೋದು ನನ್ನ ಮಾತು. ಓದು ಹಿಂದೆ ಬಿದ್ದರೆ ಹಿಡಿಯೋದು ಕಷ್ಟ. ಇಲ್ಲಿ ಪರೀಕ್ಷೆಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಕ್ಲಾಸಿಗೆ ಹೋದ ಮಾತ್ರಕ್ಕೆ ಪರೀಕ್ಷೆ ಬರೆಯೋಕೆ ಬಿಡೋದಿಲ್ಲ. ಕೊನೆಯ ದಿನಾಂಕ ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ವೀಸಾ ಅವಧಿ ಮುಗಿಯೋ ಮೊದಲೇ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕೋದೂ ಅದೇ ಕ್ಯಾಲೆಂಡರ್‌ನಲ್ಲಿರಲಿ. ಟಿಕೆಟ್ ಇಲ್ಲದೆ ಮೆಟ್ರೋ ಹತ್ತಬೇಡಿ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ದಂಡ 60 ಯೂರೋ.

ಇನ್ನು ಚಳಿ. "ನಮಗೆ ಮಡಿಕೇರಿ ಚಳಿ ಗೊತ್ತು" ಅಂತ ಎಲ್ಲರೂ ಹೇಳುತ್ತಾರೆ. ಚಳಿಯನ್ನು ಒಳ್ಳೆಯ ಜಾಕೆಟ್, ಒಳ್ಳೆಯ ಬೂಟು ನೋಡಿಕೊಳ್ಳುತ್ತೆ. ನಿಜವಾಗಿ ಕಾಡೋದು ಕತ್ತಲೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಎಂಟರ ಹೊತ್ತಿಗೆ ಏಳುತ್ತಾನೆ. ರೂಮಿನಲ್ಲಿ ಒಬ್ಬರೇ ಕೂತರೆ ಮನಸ್ಸು ಕುಗ್ಗುತ್ತೆ. ಏಳೋಕೆ ಮನಸ್ಸಿಲ್ಲ, ಊಟ ಸೇರೋದಿಲ್ಲ, ಯಾರ ಫೋನೂ ಬೇಡ ಅನ್ನಿಸಿದರೆ ಅದು ಸೋಮಾರಿತನ ಅಲ್ಲ. ಸ್ಟುಡಿರೆಂಡೆನ್‌ವೆರ್ಕ್ ಅನ್ನೋ ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಉಚಿತವಾಗಿ ಮಾನಸಿಕ ಸಲಹೆ ಕೊಡುತ್ತಾರೆ. ಹೋಗಿ. ಒಬ್ಬರೇ ಹೋಗೋಕೆ ಹಿಂಜರಿಕೆಯಾದರೆ ನಾನು ಬಾಗಿಲ ತನಕ ಬರುತ್ತೇನೆ. ಊರಲ್ಲಿ ಯಾರಿಗೂ ಗೊತ್ತಾಗೋದಿಲ್ಲ, ನಾವಂತೂ ಹೇಳೋದಿಲ್ಲ.

ಎಷ್ಟೇ ಚಳಿ ಇದ್ದರೂ ದಿನಕ್ಕೆರಡು ಸಲ ಕಿಟಕಿ ಪೂರ್ತಿ ತೆಗೆದು ಐದು ನಿಮಿಷ ಗಾಳಿ ಆಡಿಸಿ. ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆ, ಚಪ್ಪಲಿ, ಬೆಲ್ಟ್ ಎಲ್ಲಾ ಬೂಷ್ಟು ಹಿಡಿಯೋದು ನಿಮಗೆ ಗೊತ್ತಲ್ವಾ? ಇಲ್ಲಿ ಹೀಟರ್ ಹಾಕಿ, ಕಿಟಕಿ ಮುಚ್ಚಿ ಅನ್ನ ಬೇಯಿಸಿದರೆ ಅದೇ ಬೂಷ್ಟು ಗೋಡೆಗೆ ಬರುತ್ತೆ. ಮನೆ ಬಿಡುವಾಗ ಆ ಖರ್ಚನ್ನು ನಿಮ್ಮ ಡೆಪಾಸಿಟ್‌ನಿಂದ ಮುರಿದುಕೊಳ್ಳೋಕೆ ನೋಡುತ್ತಾರೆ.

ಮನೆಗೆ ಫೋನ್ ಮಾಡೋ ಹೊತ್ತು ಈಗಲೇ ಗೊತ್ತು ಮಾಡಿಕೊಳ್ಳಿ. ಈಗ ನಮಗೂ ಊರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಈ ತಿಂಗಳ ಕೊನೆಯ ಭಾನುವಾರ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ, ಆಮೇಲೆ ನಾಲ್ಕೂವರೆ ಗಂಟೆ. ಕ್ಲಾಸ್ ಮುಗಿಸಿ ಆರು ಗಂಟೆಗೆ ಮಾಡಿದರೆ ಅಲ್ಲಿ ಹತ್ತೂವರೆ, ಎಲ್ಲರೂ ಮಲಗಿರುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಮಾಡಿ. ಮಳೆಗೆ ಕರೆಂಟ್, ನೆಟ್‌ವರ್ಕ್ ಹೋಗಿ ಫೋನ್ ಸಿಗದಿದ್ದರೆ ಗಾಬರಿ ಬೇಡ. ಪಕ್ಕದ ಮನೆಯವರ ನಂಬರ್ ಒಂದು ಬರೆದಿಟ್ಟುಕೊಳ್ಳಿ. ಅಮ್ಮಂದಿರಿಗೆ ಇನ್ನೊಂದು ಹೇಳಿ: ತುಪ್ಪ, ಒಣಮಾಂಸ ಕಳಿಸೋದು ಬೇಡ. ಮಾಂಸ, ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ ಒಳಗೆ ತರೋ ಹಾಗಿಲ್ಲ. ಕಾಫಿಪುಡಿಗೆ ತಡೆ ಇಲ್ಲ, ಆದರೆ ಇಲ್ಲಿ ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ತೆರಿಗೆ ಇದೆ. ದೊಡ್ಡ ಪಾರ್ಸಲ್ ತರಿಸಿದರೆ ಕಸ್ಟಮ್ಸ್‌ನವರು ಕೇಳುತ್ತಾರೆ. ನಮ್ಮದೇ ತೋಟದ ಕಾಫಿಗೆ ತೆರಿಗೆ ಕಟ್ಟೋದು ಹೊಟ್ಟೆ ಉರಿಯೋ ವಿಷಯವೇ. ಏನು ಮಾಡೋದು!

ಎಮರ್ಜೆನ್ಸಿ ಆದರೆ 112. ಜ್ವರ, ಹೊಟ್ಟೆನೋವು, ಡಾಕ್ಟರ್ ಕ್ಲಿನಿಕ್ ಮುಚ್ಚಿದೆ ಅಂದರೆ 116117. ಈಗಲೇ ಫೋನ್‌ನಲ್ಲಿ ಸೇವ್ ಮಾಡಿ, ನಾನು ಕಾಯುತ್ತೇನೆ.

ಆಯ್ತಾ? ಬಾಗಿಲ ಪಕ್ಕ ಒಂದು ನೋಟ್‌ಬುಕ್ ಇದೆ. ಹೆಸರು, ಫೋನ್ ನಂಬರ್, ಇಲ್ಲಿ ಯಾವ ಏರಿಯಾದಲ್ಲಿದ್ದೀರಿ ಅಂತ ಬರೆಯಿರಿ. ರೂಮು ಇನ್ನೂ ಸಿಗದವರು ಹೆಸರಿನ ಪಕ್ಕ ಹಾಗಂತ ಬರೆಯಿರಿ, ನಾಚಿಕೊಳ್ಳಬೇಡಿ. ಇವತ್ತು ಸಂಜೆಯೊಳಗೆ ನಿಮ್ಮ ಏರಿಯಾದ ಒಬ್ಬ ಅಕ್ಕ ಅಥವಾ ಅಣ್ಣ ನಿಮಗೆ ಫೋನ್ ಮಾಡುತ್ತಾರೆ. ವಾರಕ್ಕೊಮ್ಮೆ ಅವರೇ ಮಾಡುತ್ತಾರೆ. ನೀವು ಎತ್ತಬೇಕು, ಅಷ್ಟೇ. ಮಂಗಳವಾರ ನೋಂದಣಿ ಆಫೀಸಿಗೆ ಹೋಗುವವರ ಜೊತೆ ನಾನು ಬರುತ್ತೇನೆ, ಜರ್ಮನ್ ಬರದಿದ್ದರೂ ನಡೆಯುತ್ತೆ.

ಊಟಕ್ಕೆ ದೋಸೆ, ಕುಂಬಳ ಕರಿ ಇದೆ. ಹೊಸಬರು ಮೊದಲು ತಟ್ಟೆ ತಗೊಳ್ಳಿ. ಹೋಗುವಾಗ ದಾರಿಯಲ್ಲಿ ಹಾಲು, ಬ್ರೆಡ್ ಕೊಂಡುಕೊಳ್ಳಿ. ನಾಳೆ ಭಾನುವಾರ, ಅಂಗಡಿಗಳು ಮುಚ್ಚಿರುತ್ತವೆ. ಇವತ್ತೂ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತಾರೆ.